ಕಮ್ಯುಟೇಶನ್ ಫಾರ್ಮ್ ತುಂಬುವ ಮೊದಲು: ಇಡಿಗಂಟು ತಗೊಳ್ಳಬೇಕೋ, ತಿಂಗಳ ಪೆನ್ಷನ್ ಪೂರ್ತಿ ಉಳಿಸಿಕೊಳ್ಳಬೇಕೋ

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ನಿವೃತ್ತಿ ಹತ್ತಿರ ಬಂದವರಿಗೆ ಪೆನ್ಷನ್ ಕಾಗದಗಳ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ. ನಿಮ್ಮ ಪೆನ್ಷನ್ನಿನ ಎಷ್ಟು ಭಾಗವನ್ನು ಈಗಲೇ ಒಂದೇ ಗಂಟಾಗಿ ತಗೊಳ್ಳುತ್ತೀರಿ? ಹೀಗೆ ತಗೊಳ್ಳುವುದಕ್ಕೇ ಕಮ್ಯುಟೇಶನ್ ಎನ್ನುತ್ತಾರೆ. ಬಹಳ ಜನ ಯೋಚನೆ ಮಾಡದೆ 40% ಎಂದು ಬರೆಯುತ್ತಾರೆ. "ಎಲ್ಲಾರೂ ಅಷ್ಟೇ ಬರೀತಾರ್ರಿ, ನೀವೂ ಬರದು ಬಿಡ್ರಿ" ಎಂದು ಪಕ್ಕದವರು ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಇನ್ನು ಕೆಲವರು "ಸರ್ಕಾರ ಬಡ್ಡಿ ಮುರೀತದ, ಮುಟ್ಟಬ್ಯಾಡ್ರಿ" ಎನ್ನುತ್ತಾರೆ. ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಒಮ್ಮೆ ಮಂಜೂರಾದ ಮೇಲೆ ಈ ತೀರ್ಮಾನವನ್ನು ಹಿಂದಕ್ಕೆ ತಗೊಳ್ಳಲು ಆಗುವುದಿಲ್ಲ. ಅದಕ್ಕೇ ಒಂದು ಸಂಜೆ ಕೂತು ಲೆಕ್ಕ ಹಾಕುವುದು ಒಳ್ಳೆಯದು.

ಈ ಲೇಖನ ಹಳೆಯ ಪೆನ್ಷನ್ ಇರುವವರಿಗೆ, ಅಂದರೆ 2004ರ ಜನವರಿ 1ಕ್ಕಿಂತ ಮೊದಲು ಕೇಂದ್ರ ಸರ್ಕಾರದ ಅಥವಾ ರೈಲ್ವೆಯ ಕೆಲಸಕ್ಕೆ ಸೇರಿದವರಿಗೆ. ಆಮೇಲೆ ಸೇರಿ ಎನ್‌ಪಿಎಸ್‌ನಲ್ಲಿ ಇರುವವರ ಲೆಕ್ಕವೇ ಬೇರೆ. ಅಲ್ಲಿ ಕೂಡಿಟ್ಟ ಹಣದ ಒಂದು ಪಾಲನ್ನು ವಿಮಾ ಕಂಪನಿಗೆ ಕೊಟ್ಟು ತಿಂಗಳ ಆದಾಯ ಕೊಳ್ಳಬೇಕು, ಅದರ ಮೇಲೆ ತುಟ್ಟಿಭತ್ಯೆ ಇರುವುದಿಲ್ಲ. ರಾಜ್ಯ ಸರ್ಕಾರದಲ್ಲಿ 2006ರ ಏಪ್ರಿಲ್‌ಗೆ ಮೊದಲು ಸೇರಿದ ಗದಗ, ಹಾವೇರಿಯ ಶಿಕ್ಷಕರಿಗೂ ಕಮ್ಯುಟೇಶನ್ ಉಂಟು. ಆದರೆ ಅವರ ಮಿತಿ ಮತ್ತು ಕೋಷ್ಟಕ ಬೇರೆ. ಯೋಚಿಸುವ ದಾರಿ ಒಂದೇ, ಅಂಕಿಗಳನ್ನು ಮಾತ್ರ ಅವರು ತಮ್ಮ ಕಚೇರಿಯಿಂದ ತಗೊಳ್ಳಬೇಕು.

ಒಬ್ಬರನ್ನು ಮುಂದಿಟ್ಟುಕೊಂಡು ನೋಡೋಣ. ವರ್ಕ್‌ಶಾಪಿನ ಒಬ್ಬ ಸೀನಿಯರ್ ಟೆಕ್ನೀಷಿಯನ್. 33 ವರ್ಷ ಸೇವೆ, ವಯಸ್ಸು 60. ಕೊನೆಯ ಮೂಲ ವೇತನ 60,400 ರೂಪಾಯಿ. ಮೂಲ ಪೆನ್ಷನ್ ಅದರ ಅರ್ಧ, 30,200. ಇದರ ಮೇಲೆ ತುಟ್ಟಿಭತ್ಯೆ ಬರುತ್ತದೆ. ಪೆನ್ಷನ್‌ದಾರರು ಇದನ್ನು ಡಿಆರ್ ಎನ್ನುತ್ತಾರೆ. 2025ರ ಜುಲೈನ ದರ 58%, ಲೆಕ್ಕಕ್ಕೆ ಅದನ್ನೇ ಇಟ್ಟುಕೊಳ್ಳೋಣ. ಅಂದರೆ ಡಿಆರ್ 17,516 ರೂಪಾಯಿ. ಕಮ್ಯುಟೇಶನ್ ಮಾಡದಿದ್ದರೆ ತಿಂಗಳಿಗೆ ಕೈಗೆ ಬರುವುದು 47,716.

ಈಗ ಅವರು 40% ಎಂದು ಬರೆದರು ಎಂದುಕೊಳ್ಳಿ. ಅದೇ ಗರಿಷ್ಠ ಮಿತಿ. 30,200ರ 40% ಅಂದರೆ 12,080. ಇದನ್ನು 12ರಿಂದ ಗುಣಿಸಿ ವರ್ಷದ ಮೊತ್ತ ಮಾಡುತ್ತಾರೆ. ಆಮೇಲೆ ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಮತ್ತೆ ಗುಣಿಸುತ್ತಾರೆ. ಮುಂದಿನ ಹುಟ್ಟುಹಬ್ಬಕ್ಕೆ 61 ತುಂಬುವವರಿಗೆ ಆ ಅಂಕಿ 8.194. ಹಾಗಾಗಿ ಸಿಗುವ ಇಡಿಗಂಟು 11,87,802 ರೂಪಾಯಿ. ಇದಕ್ಕೆ ಆದಾಯ ತೆರಿಗೆ ಇಲ್ಲ. (ನಮ್ಮ ಕಡೆ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದವರು ಎಷ್ಟೋ ಜನ. ಅವರು ಮೇ 31ಕ್ಕೆ ನಿವೃತ್ತರಾಗುತ್ತಾರೆ. ಅವರಿಗೂ ಇದೇ ಅಂಕಿ.)

ಇದಕ್ಕೆ ಬದಲಾಗಿ ಪ್ರತಿ ತಿಂಗಳು 12,080 ರೂಪಾಯಿ ಕಡಿತವಾಗುತ್ತದೆ. ಕಡಿತ ನಡೆಯುವುದು 15 ವರ್ಷ. ಆಮೇಲೆ ಪೂರ್ತಿ ಪೆನ್ಷನ್ ಮತ್ತೆ ಶುರುವಾಗುತ್ತದೆ. 15 ವರ್ಷದ ಒಟ್ಟು ಕಡಿತ 21,74,400 ರೂಪಾಯಿ. ಹನ್ನೆರಡು ಲಕ್ಷದ ಹತ್ತಿರ ಕೊಟ್ಟು ಇಪ್ಪತ್ತೊಂದೂಮುಕ್ಕಾಲು ಲಕ್ಷ ಮುರಿದುಕೊಳ್ಳುತ್ತಾರೆ ಎಂದು ಜನ ಸಿಟ್ಟಾಗುವುದು ಇಲ್ಲಿಯೇ. ಆದರೆ ಯಾವ ಮನೆ ಸಾಲವನ್ನು 15 ವರ್ಷ ಕಟ್ಟಿದರೂ ಒಟ್ಟು ಮೊತ್ತ ಹೀಗೇ ದೊಡ್ಡದಾಗಿ ಕಾಣುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಇದು ಯಾವ ಬಡ್ಡಿಯ ಸಾಲ?

ಈ ಹಣವನ್ನು ಸಾಲ ಎಂದೇ ನೋಡಿ. 11,87,802 ತಗೊಂಡು 180 ಕಂತುಗಳಲ್ಲಿ ತಲಾ 12,080 ಕಟ್ಟುತ್ತಿದ್ದೀರಿ. ಬ್ಯಾಂಕಿನ ಇಎಂಐ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು 9% ಬಡ್ಡಿ. ಈ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಹೋಲಿಕೆಗೂ ಇದೇ ಅಳತೆ.

ಆದರೆ ಇದು ಮಾಮೂಲಿ ಸಾಲ ಅಲ್ಲ. ಪೆನ್ಷನ್‌ದಾರರು ತೀರಿಕೊಂಡರೆ ಉಳಿದ ಕಂತುಗಳನ್ನು ಯಾರೂ ಕಟ್ಟಬೇಕಿಲ್ಲ. ಹೆಂಡತಿಯ ಕುಟುಂಬ ಪೆನ್ಷನ್ನಿನಿಂದ ಒಂದು ರೂಪಾಯಿಯೂ ಕಡಿತವಾಗುವುದಿಲ್ಲ. ಮಕ್ಕಳ ಮೇಲೂ ಹೊರೆ ಬರುವುದಿಲ್ಲ. ನಮ್ಮ ಟೆಕ್ನೀಷಿಯನ್ 66ನೇ ವಯಸ್ಸಿಗೆ ಹೋಗಿಬಿಟ್ಟರು ಎಂದುಕೊಳ್ಳಿ. ಆರು ವರ್ಷದಲ್ಲಿ ಕಡಿತವಾಗಿದ್ದು 8,69,760. ಉಳಿದ ಒಂಬತ್ತು ವರ್ಷದ ಕಂತು 13 ಲಕ್ಷಕ್ಕೂ ಜಾಸ್ತಿ, ಅದು ಅಲ್ಲಿಗೇ ಮನ್ನಾ. ಅವರು ಕಮ್ಯುಟೇಶನ್ ಮಾಡದೆ ಇದ್ದಿದ್ದರೂ ಹೆಂಡತಿಗೆ ಸಿಗುವ ಕುಟುಂಬ ಪೆನ್ಷನ್ ಅಷ್ಟೇ. ಅಂದರೆ ಗಂಡನಿಗೆ 67 ಆಗಬೇಕಿದ್ದ ದಿನದವರೆಗೆ 30,200, ಆಮೇಲೆ ಕೊನೆಯ ವೇತನದ 30%, ಅಂದರೆ 18,120. ಎರಡರ ಮೇಲೂ ಡಿಆರ್ ಇರುತ್ತದೆ. ಹಾಗಾಗಿ ಬೇಗ ತೀರಿಕೊಂಡವರ ಮನೆಗೆ ಕಮ್ಯುಟೇಶನ್ನಿನಿಂದ ಸ್ಪಷ್ಟವಾಗಿ ಲಾಭ.

ಈ ಮನ್ನಾಕ್ಕೂ ಒಂದು ಬೆಲೆ ಇದೆ. 8.194 ಎಂಬ ಅಂಕಿ ಸುಮ್ನೆ ಬಂದದ್ದಲ್ಲ. ಆರನೇ ವೇತನ ಆಯೋಗದ ಕಾಲದಲ್ಲಿ ಮಾಡಿದ ಕೋಷ್ಟಕ ಅದು. 8% ಬಡ್ಡಿ ಮತ್ತು ಆ ವಯಸ್ಸಿನವರಲ್ಲಿ ಸಾವಿನ ಸಂಭವ, ಎರಡನ್ನೂ ಸೇರಿಸಿ ಮಾಡಿದ್ದು. ಸಾವಿನ ಲೆಕ್ಕವೇ ಇಲ್ಲದೆ ಬರೀ 8% ಬಡ್ಡಿಯಲ್ಲಿ ಸಾಲ ಕೊಟ್ಟಿದ್ದರೆ, ತಿಂಗಳಿಗೆ 12,080ರ ಕಂತಿಗೆ ಸುಮಾರು 12,64,000 ಸಿಗಬೇಕಿತ್ತು. ಸಿಕ್ಕಿದ್ದು 11,87,802. ನಡುವಿನ 76 ಸಾವಿರವನ್ನು 15 ವರ್ಷದ ವಿಮೆಯ ಕಂತು ಎಂದುಕೊಳ್ಳಬಹುದು. 60 ವರ್ಷದವರಿಗೆ, ಅದೂ ವೈದ್ಯಕೀಯ ಪರೀಕ್ಷೆ ಇಲ್ಲದೆ, ಇಷ್ಟು ಕಡಿಮೆ ಹಣಕ್ಕೆ ಇಂಥ ರಕ್ಷಣೆ ಹೊರಗೆ ಸಿಗುವುದು ಕಷ್ಟ. ಸಕ್ಕರೆ ಕಾಯಿಲೆ ಜೋರಾಗಿದೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದಾರೆ, ಕಿಡ್ನಿ ತೊಂದರೆ ಇದೆ ಎನ್ನುವವರು ಈ ಮಾತನ್ನು ಗಂಭೀರವಾಗಿ ತಗೊಳ್ಳಬೇಕು. ಅಂಥವರಿಗೆ ನನ್ನ ಮಟ್ಟಿಗೆ ಹೆಚ್ಚು ಅನುಮಾನವಿಲ್ಲ: ಪೂರ್ತಿ 40% ತಗೊಳ್ಳುವುದೇ ಮನೆಯವರಿಗೆ ಒಳ್ಳೆಯದು.

ಆರೋಗ್ಯ ಗಟ್ಟಿ ಇರುವವರು 75 ದಾಟುವ ನಿರೀಕ್ಷೆ ಇಟ್ಟುಕೊಂಡೇ ಲೆಕ್ಕ ಹಾಕಬೇಕು. ಅಂಥವರಿಗೆ ಮುಖ್ಯ ಪ್ರಶ್ನೆ, ಬಂದ ಗಂಟು ಎಲ್ಲಿಗೆ ಹೋಗುತ್ತದೆ ಎನ್ನುವುದು.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯೋಣ. "ಕಮ್ಯುಟೇಶನ್ ಮಾಡಿದರೆ ಡಿಆರ್ ಕಡಿಮೆಯಾಗುತ್ತದೆ, ಮುಂದೆ ವೇತನ ಆಯೋಗ ಬಂದರೂ ಹೆಚ್ಚಳ ಕಡಿಮೆ ಸಿಗುತ್ತದೆ" ಎಂದು ಹೆದರುವವರಿದ್ದಾರೆ. ಹಾಗಿಲ್ಲ. ಡಿಆರ್ ಲೆಕ್ಕ ಹಾಕುವುದು ಪೂರ್ತಿ 30,200ರ ಮೇಲೆ. ನಮ್ಮ ಟೆಕ್ನೀಷಿಯನ್ ಕೈಗೆ ಬರುವುದು 18,120 ಮತ್ತು 17,516 ಸೇರಿ 35,636. ಡಿಆರ್ ಏರಿದಾಗ ಪೂರ್ತಿ ಪೆನ್ಷನ್ ಮೇಲೆ ಏರುತ್ತದೆ. ವೇತನ ಆಯೋಗ ಬಂದು ಹಳೆಯ ಪೆನ್ಷನ್ ಪರಿಷ್ಕರಣೆಯಾದರೂ ಲೆಕ್ಕ ಪೂರ್ತಿ ಪೆನ್ಷನ್ನಿನಿಂದಲೇ. ಕಡಿತ ಮಾತ್ರ ಅದೇ 12,080. ಅದು ಹದಿನೈದು ವರ್ಷವೂ ಬದಲಾಗುವುದಿಲ್ಲ. ಈಗ ಆ ಕಡಿತ, ಡಿಆರ್ ಸೇರಿದ ಪೂರ್ತಿ ಪೆನ್ಷನ್ 47,716ರ ಕಾಲು ಭಾಗದಷ್ಟಿದೆ. ಪೆನ್ಷನ್ ಬೆಳೆದ ಹಾಗೆ ಅದರ ಭಾರ ಕಡಿಮೆಯಾಗುತ್ತಾ ಹೋಗುತ್ತದೆ.

ಈಗ ಗಂಟನ್ನು ಠೇವಣಿ ಇಟ್ಟರೆ ಏನಾಗುತ್ತದೆ ನೋಡೋಣ. ನಿವೃತ್ತರಿಗೆ ಸುರಕ್ಷಿತವಾಗಿ ಹೆಚ್ಚು ಬಡ್ಡಿ ಕೊಡುವುದು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ. 2023ರ ಏಪ್ರಿಲ್‌ನಿಂದ ಅದರ ಬಡ್ಡಿ 8.2%, 2025ರಲ್ಲೂ ಅಷ್ಟೇ ಇತ್ತು. ಇಟ್ಟ ದಿನದ ಬಡ್ಡಿ ಐದು ವರ್ಷ ಹಾಗೇ ಇರುತ್ತದೆ. 11,87,000 ಇಟ್ಟರೆ ಮೂರು ತಿಂಗಳಿಗೊಮ್ಮೆ 24,333 ರೂಪಾಯಿ ಬಡ್ಡಿ. ತಿಂಗಳ ಲೆಕ್ಕದಲ್ಲಿ ಸುಮಾರು 8,110. ಪೆನ್ಷನ್ನಿನಲ್ಲಿ ಹೋದದ್ದು 12,080. ಅಂದರೆ ತಿಂಗಳಿಗೆ ಸುಮಾರು 3,970 ರೂಪಾಯಿ ಕೊರತೆ. ಅದಕ್ಕೆ ಬದಲಾಗಿ ಅಸಲು ಕೈಯಲ್ಲೇ ಇರುತ್ತದೆ.

ಕಮ್ಯುಟೇಶನ್ ಮಾಡದವರು ಅದೇ 3,970ನ್ನು ಪ್ರತಿ ತಿಂಗಳು ಆರ್‌ಡಿ ಕಟ್ಟಿಕೊಂಡು ಹೋದರು ಎಂದುಕೊಳ್ಳಿ. 6% ಬಡ್ಡಿಯಲ್ಲಿ 15 ವರ್ಷಕ್ಕೆ ಸುಮಾರು ಹನ್ನೊಂದೂವರೆ ಲಕ್ಷ ಆಗುತ್ತದೆ. 7% ಸಿಕ್ಕರೆ ಹನ್ನೆರಡೂವರೆ ಲಕ್ಷ. ಇಡಿಗಂಟು ತಗೊಂಡವರ ಕೈಯಲ್ಲಿ 11,87,000 ಇದೆ. ಎರಡೂ ಹೆಚ್ಚುಕಡಿಮೆ ಒಂದೇ! ಇಷ್ಟೆಲ್ಲಾ ಜಗಳಕ್ಕೆ ಕಾರಣವಾದ ಆಯ್ಕೆ, ಬಡ್ಡಿ 8.2% ಇರುವವರೆಗೆ, ಆರೋಗ್ಯವಂತರಿಗೆ ಸರಿಸಮ. ಬಡ್ಡಿ ಇಳಿದರೆ ತಕ್ಕಡಿ ಪೆನ್ಷನ್ ಕಡೆಗೆ ವಾಲುತ್ತದೆ. ಇದೇ ಯೋಜನೆಯ ಬಡ್ಡಿ 2020ರಿಂದ 2022ರ ನಡುವೆ 7.4% ಇತ್ತು. ಅಷ್ಟಕ್ಕೆ ಇಳಿದರೆ ತಿಂಗಳ ಕೊರತೆ 4,760 ಆಗುತ್ತದೆ. ಆಗ ಕಮ್ಯುಟೇಶನ್ ಮಾಡದವರು ಸುಮಾರು ಎರಡು ಲಕ್ಷ ಮುಂದೆ ಇರುತ್ತಾರೆ.

ಇಲ್ಲಿ ಬಹಳ ಜನ ನೋಡದ ಒಂದು ಸಂಗತಿ ಇದೆ. ಈ ಯೋಜನೆಯಲ್ಲಿ ಒಬ್ಬರು 30 ಲಕ್ಷಕ್ಕಿಂತ ಜಾಸ್ತಿ ಇಡುವಂತಿಲ್ಲ. ನಮ್ಮ ಟೆಕ್ನೀಷಿಯನ್‌ಗೆ ಕಮ್ಯುಟೇಶನ್ ಬಿಟ್ಟೂ ಎರಡು ದೊಡ್ಡ ಮೊತ್ತ ಬರುತ್ತವೆ. ಗ್ರಾಚ್ಯುಟಿ ಹದಿನಾರೂವರೆ ತಿಂಗಳ ವೇತನ, ತುಟ್ಟಿಭತ್ಯೆ ಸೇರಿ ಸುಮಾರು 15,74,000. ರಜೆ 300 ದಿನ ಪೂರ್ತಿ ಉಳಿಸಿದ್ದರೆ ಅದರ ನಗದು ಸುಮಾರು 9,54,000. ಎರಡೂ ಸೇರಿ 25 ಲಕ್ಷ ದಾಟಿತು. ಪಿಎಫ್ ಹಣ ಬೇರೆ. ಇದನ್ನೆಲ್ಲ ಅಂಚೆ ಕಚೇರಿಯಲ್ಲಿ ಇಟ್ಟ ಮೇಲೆ 8.2%ಗೆ ಉಳಿದ ಜಾಗ ಐದು ಲಕ್ಷಕ್ಕೂ ಕಡಿಮೆ. ಕಮ್ಯುಟೇಶನ್ ಹಣದ ದೊಡ್ಡ ಭಾಗ ಮಾಸಿಕ ಆದಾಯ ಯೋಜನೆಗೋ ಬ್ಯಾಂಕಿನ ಎಫ್‌ಡಿಗೋ ಹೋಗಬೇಕು, ಅಲ್ಲಿ ಬಡ್ಡಿ ಇನ್ನೂ ಕಡಿಮೆ. 9%ಗೆ ಸಾಲ ತಗೊಂಡು 7%ಗೆ ಠೇವಣಿ ಇಟ್ಟ ಹಾಗಾಗುತ್ತದೆ. ಹೆಂಡತಿಗೂ 60 ಆಗಿದ್ದರೆ ಅವರ ಹೆಸರಿನಲ್ಲಿ ಬೇರೆ ಖಾತೆ ತೆರೆಯಬಹುದು. ಆಗ ಈ ತೊಂದರೆ ಇಲ್ಲ.

ಹಾಗಾಗಿ ಫಾರ್ಮ್ ತುಂಬುವ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಗ್ರಾಚ್ಯುಟಿ, ರಜೆ, ಪಿಎಫ್ ಎಲ್ಲ ಬಂದ ಮೇಲೂ ಇನ್ನೂ ಎಷ್ಟು ಹಣ ಬೇಕು, ಯಾತಕ್ಕೆ ಬೇಕು?

ಯಾತಕ್ಕೆ ಎನ್ನುವುದಕ್ಕೆ 9% ಎಂಬ ಅಳತೆ ಹಿಡಿದು ನೋಡಿ. ಮಗಳ ಮದುವೆಗೆ ಕೈಸಾಲ ಮಾಡಿದ್ದೀರಿ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಅದು ವರ್ಷಕ್ಕೆ 24%. ಅದನ್ನು ತೀರಿಸಲು ಬೇರೆ ಹಣವಿಲ್ಲದಿದ್ದರೆ ಕಮ್ಯುಟೇಶನ್ ಕಣ್ಣುಮುಚ್ಚಿ ತಗೊಳ್ಳಬಹುದು. ಚಿನ್ನದ ಸಾಲ, ವೈಯಕ್ತಿಕ ಸಾಲ, ಇವುಗಳ ಬಡ್ಡಿಯೂ ಸಾಮಾನ್ಯವಾಗಿ 9%ಗಿಂತ ಮೇಲೆಯೇ. ಆದರೆ ಮನೆ ಸಾಲ 8%ಗೆ ನಡೆಯುತ್ತಿದ್ದರೆ ಅದನ್ನು ಮುಚ್ಚಲು ಇದನ್ನು ತಗೊಳ್ಳುವುದರಲ್ಲಿ ಲಾಭವಿಲ್ಲ.

ಹೊಲ, ಪ್ಲಾಟು, ಮಗನ ವ್ಯಾಪಾರ, ಇವುಗಳ ಮಾತು ಬೇರೆ. ಅಣ್ಣಿಗೇರಿ ಕಡೆ ಎರೆ ಹೊಲ ಕೊಳ್ಳಬೇಕು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಕ್ಕೆ ಮಗನಿಗೆ ಬಂಡವಾಳ ಹಾಕಬೇಕು ಎನ್ನುವ ಆಸೆ ತಪ್ಪಲ್ಲ. ಆದರೆ ಹೊಲ ತಿಂಗಳಿಗೆ 12,080 ಕೊಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ಏನೂ ಕೊಡುವುದಿಲ್ಲ. ಔಷಧಿ, ಕಿರಾಣಿ, ಕರೆಂಟ್ ಬಿಲ್ ಮಾತ್ರ ಪ್ರತಿ ತಿಂಗಳು ಬರುತ್ತವೆ. ಮಗನಿಗೆ ಕೊಡಲೇಬೇಕು ಎಂದಿದ್ದರೆ ಗ್ರಾಚ್ಯುಟಿಯಿಂದ ಒಂದು ಮೊತ್ತ ಕೊಟ್ಟು ಅಲ್ಲಿಗೆ ನಿಲ್ಲಿಸಿ ಎನ್ನುವುದು ನನ್ನ ಅಭಿಪ್ರಾಯ. ಕೈಯಲ್ಲಿ ದೊಡ್ಡ ಗಂಟು ಇದ್ದಾಗ "ಇಲ್ಲ" ಎನ್ನುವುದು ತಂದೆತಾಯಿಗೆ ಬಹಳ ಕಷ್ಟ. ತಿಂಗಳ ಪೆನ್ಷನ್ ಆದರೆ ಕೇಳುವವರು ಕಡಿಮೆ, ಅದು ಮನೆ ಖರ್ಚಿಗೆ ಉಳಿಯುತ್ತದೆ. ಇದು ಬಡ್ಡಿಯ ಲೆಕ್ಕದಲ್ಲಿ ಕಾಣುವುದಿಲ್ಲ, ಆದರೆ ಬದುಕಿನಲ್ಲಿ ಅಷ್ಟೇ ದೊಡ್ಡ ಸಂಗತಿ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. 40% ಎನ್ನುವುದು ಮಿತಿ, ಅಷ್ಟೇ ತಗೊಳ್ಳಬೇಕೆಂಬ ನಿಯಮವಲ್ಲ. 10% ಬರೆಯಬಹುದು, 20% ಬರೆಯಬಹುದು, ಏನೂ ಬೇಡ ಎನ್ನಬಹುದು. ನಮ್ಮ ಟೆಕ್ನೀಷಿಯನ್ ಲೆಕ್ಕದಲ್ಲಿ ಪ್ರತಿ 1%ಗೆ ಸಿಗುವುದು ಸುಮಾರು 29,695 ರೂಪಾಯಿ, ತಿಂಗಳ ಕಡಿತ 302. ಅವರ ಮೇಲೆ ಆರು ಲಕ್ಷದ ದುಬಾರಿ ಸಾಲ ಇದೆ, ಉಳಿದ ಹಣಕ್ಕೆಲ್ಲ ಬೇರೆ ಕೆಲಸ ನಿಗದಿಯಾಗಿದೆ ಎಂದುಕೊಳ್ಳಿ. 20% ಬರೆದರೆ 5,93,901 ಬರುತ್ತದೆ. ತಿಂಗಳಿಗೆ ಕಡಿತ 6,040, ಕೈಗೆ 41,676 ಉಳಿಯುತ್ತದೆ. ಅವರ ಜಾಗದಲ್ಲಿ ನಾನಿದ್ದರೆ ಇದನ್ನೇ ಬರೆಯುತ್ತಿದ್ದೆ. ಸಾಲವೂ ಇಲ್ಲ, ಆರೋಗ್ಯವೂ ಚೆನ್ನಾಗಿದೆ, 25 ಲಕ್ಷ ಹೇಗೂ ಬರುತ್ತಿದೆ ಎಂದಾದರೆ ಶೂನ್ಯ ಬರೆಯಲೂ ಹಿಂಜರಿಯಬೇಕಿಲ್ಲ.

ತೆರಿಗೆಯ ಮಾತು ಇವರ ಮಟ್ಟಿಗೆ ಚಿಕ್ಕದು. ತಿಂಗಳ ಪೆನ್ಷನ್‌ಗೆ ತೆರಿಗೆ ಇದೆ, ಇಡಿಗಂಟಿಗೆ ಇಲ್ಲ, ನಿಜ. ಆದರೆ 2025-26ರ ಹೊಸ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ 12 ಲಕ್ಷದೊಳಗೆ ಇದ್ದರೆ ಕಟ್ಟುವುದು ಏನೂ ಇಲ್ಲ. ಇವರ ಪೂರ್ತಿ ಪೆನ್ಷನ್ ವರ್ಷಕ್ಕೆ ಐದೂಮುಕ್ಕಾಲು ಲಕ್ಷದಷ್ಟು. ಠೇವಣಿಯ ಬಡ್ಡಿ ಸೇರಿಸಿದರೂ ಮಿತಿಯೊಳಗೇ ಇರುತ್ತದೆ. ದೊಡ್ಡ ಅಧಿಕಾರಿಗಳಾಗಿ ನಿವೃತ್ತರಾಗುವವರಿಗೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ. ಅವರಿಗೆ ತೆರಿಗೆ ಉಳಿತಾಯದಿಂದ ಕಮ್ಯುಟೇಶನ್ ಇನ್ನಷ್ಟು ಅಗ್ಗವಾಗುತ್ತದೆ.

ನಿವೃತ್ತಿಯ ದಿನದೊಳಗೆ ತೀರ್ಮಾನ ಮಾಡಲು ಆಗದಿದ್ದರೆ ಗಾಬರಿ ಬೇಡ. ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಕೊಟ್ಟರೂ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. 61 ತುಂಬುವ ಮೊದಲೇ ಕೊಟ್ಟರೆ ಅಂಕಿ ಅದೇ 8.194. ತುಂಬಿದ ಮೇಲೆ 8.093 ಆಗುತ್ತದೆ. ಒಂದು ವರ್ಷ ದಾಟಿದರೆ ಮಾತ್ರ ವೈದ್ಯಕೀಯ ಪರೀಕ್ಷೆ ಬೇಕು. ಹಾಗಾಗಿ ಮೊದಲು ಗ್ರಾಚ್ಯುಟಿ ಬರಲಿ, ಸಾಲಗಳೆಲ್ಲ ಎಷ್ಟಿವೆ ಗೊತ್ತಾಗಲಿ, ಪೂರ್ತಿ ಪೆನ್ಷನ್ನಿನಲ್ಲಿ ಕೆಲವು ತಿಂಗಳು ಮನೆ ನಡೆಸಿ ನೋಡಿ, ಆಮೇಲೆ ಬರೆಯೋಣ ಎಂದುಕೊಳ್ಳುವುದಕ್ಕೂ ಅವಕಾಶ ಇದೆ. ಇದಕ್ಕೆ ಒಂದೇ ಅಪಾಯ: ಅರ್ಜಿ ಕೊಡುವ ಮೊದಲೇ ಏನಾದರೂ ಆಗಿಬಿಟ್ಟರೆ ಮನೆಯವರಿಗೆ ಆ ಗಂಟು ಸಿಗುವುದಿಲ್ಲ. ಆರೋಗ್ಯದ ಭಯ ಇರುವವರು ಹಾಗಾಗಿ ಕಾಯಬಾರದು.

15 ವರ್ಷ ತುಂಬಾ ಜಾಸ್ತಿ, 12 ವರ್ಷಕ್ಕೆ ಕಡಿತ ನಿಲ್ಲಿಸಿ ಎಂದು ನೌಕರರ ಸಂಘಟನೆಗಳು ಬಹಳ ದಿನದಿಂದ ಕೇಳುತ್ತಿವೆ. ಕೇಳುವುದಕ್ಕೆ ಕಾರಣವೂ ಇದೆ. ಇದನ್ನು 8% ಬಡ್ಡಿಯ ಸಾಲ ಎಂದುಕೊಂಡರೆ ಸುಮಾರು ಹದಿಮೂರೂವರೆ ವರ್ಷಕ್ಕೆ ತೀರುತ್ತದೆ. 7% ಎಂದರೆ ಹನ್ನೆರಡು ವರ್ಷ ದಾಟುತ್ತಲೇ ಮುಗಿಯುತ್ತದೆ. ನಿಯಮ ಬದಲಾದರೆ ಮೇಲಿನ ಲೆಕ್ಕವೆಲ್ಲ ಕಮ್ಯುಟೇಶನ್ ಕಡೆಗೆ ವಾಲುತ್ತದೆ. ಆದರೆ ಆಗಬಹುದು ಎನ್ನುವ ನಂಬಿಕೆಯ ಮೇಲೆ ಈಗ ಫಾರ್ಮ್ ತುಂಬಬಾರದು.

ಕಮ್ಯುಟೇಶನ್ ಮಾಡಿದವರು ಒಂದು ಕೆಲಸ ಮರೆಯಬಾರದು. ಕಡಿತ ಯಾವ ತಿಂಗಳಿಂದ ಶುರುವಾಯಿತು ಎಂದು ಬ್ಯಾಂಕಿನ ಪಾಸ್‌ಬುಕ್ ನೋಡಿ ಬರೆದಿಟ್ಟುಕೊಳ್ಳಿ. ಪೆನ್ಷನ್ ಪಾವತಿ ಆದೇಶ, ಅಂದರೆ ಪಿಪಿಒದಲ್ಲಿ ಕಮ್ಯುಟೇಶನ್ ಮೊತ್ತ ಮತ್ತು ದಿನಾಂಕ ಸರಿಯಾಗಿದೆಯೇ ಎಂದು ಆಗಲೇ ನೋಡಿ. 15 ವರ್ಷ ಮುಗಿದಾಗ ಬ್ಯಾಂಕ್ ತಾನಾಗಿಯೇ ಪೂರ್ತಿ ಪೆನ್ಷನ್ ಕೊಡಬೇಕು. ಆದರೆ ದಾಖಲೆಯಲ್ಲಿ ದಿನಾಂಕವೇ ಇಲ್ಲದಿದ್ದರೆ ಕಡಿತ ಮುಂದುವರಿಯಬಹುದು, ಮತ್ತು 75 ವರ್ಷದವರಿಗೆ ಅದು ಗಮನಕ್ಕೇ ಬಾರದೆ ಹೋಗಬಹುದು. ಇದನ್ನು ಪತ್ತೆ ಹಚ್ಚುವುದು ಸುಲಭ. ಪೆನ್ಷನ್ ಸ್ಲಿಪ್‌ನಲ್ಲಿ ಕಮ್ಯುಟೇಶನ್ ಕಡಿತದ ಸಾಲು ಇನ್ನೂ ಇದೆಯೇ ನೋಡಿದರೆ ಸಾಕು. ಇದ್ದರೆ ಪಿಪಿಒ ಪ್ರತಿಯೊಂದಿಗೆ ಬ್ಯಾಂಕಿಗೆ ಅರ್ಜಿ ಕೊಟ್ಟು ಬಾಕಿ ಸಮೇತ ಕೇಳಿ ಪಡೆಯಬೇಕು. ಆ ದಿನಾಂಕವನ್ನು ಹೆಂಡತಿಗೂ ಒಬ್ಬ ಮಗನಿಗೋ ಮಗಳಿಗೋ ಈಗಲೇ ಹೇಳಿಟ್ಟಿರಿ.